ಹಸಿ ತಲೆ, ತಿರುಗುವ ಫ್ಯಾನು

ಪ್ರಶ್ನೆ: ಮಗಳು ರಾತ್ರಿ ತಲಿ ಎರಕೊಂಡು ಹಂಗ ಫ್ಯಾನಿನ ಕೆಳಗ ಮಲಗ್ತಾಳ. ನಮ್ಮ ಅತ್ತಿಯವರು "ನೆತ್ತಿಗಿ ಥಂಡಿ ಇಳೀತದ" ಅಂತ ಎದ್ದು ಬಂದು ಫ್ಯಾನ್ ಬಂದ್ ಮಾಡ್ತಾರ. ಝಳಕ್ಕ ಮನಿಮಂದಿಗೆಲ್ಲ ನಿದ್ದಿ ಇಲ್ಲ. ಯಾರ ಮಾತು ಖರೆ?
– ಓದುಗರು, ವಿಜಾಪುರ ರಸ್ತೆ, ಸೊಲ್ಲಾಪುರ

ಉತ್ತರ: ನೆಗಡಿ ತರುವುದು ವೈರಸ್. ಅದು ಬರುವುದು ನೆಗಡಿಯಾದವರ ಸೀನು, ಕೆಮ್ಮು, ಕೈಗಳಿಂದ; ಒದ್ದೆ ಕೂದಲಿನಿಂದಲ್ಲ. ಹಾಗೆಂದು ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 2005ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 90 ಜನರನ್ನು ತಣ್ಣೀರಲ್ಲಿ ಕಾಲಿಟ್ಟು 20 ನಿಮಿಷ ಕೂರಿಸಿದರು. ಮುಂದಿನ ನಾಲ್ಕೈದು ದಿನಗಳಲ್ಲಿ ಅವರಲ್ಲಿ 26 ಮಂದಿ ನೆಗಡಿಯ ಲಕ್ಷಣ ಹೇಳಿಕೊಂಡರು. ಬರಿಯ ಖಾಲಿ ಬುಟ್ಟಿಯಲ್ಲಿ ಕಾಲಿಟ್ಟ 90 ಮಂದಿಯಲ್ಲಿ ಹಾಗೆ ಹೇಳಿದವರು 8. ಮೈ ತಣ್ಣಗಾದಾಗ ಮೂಗಿನ ರಕ್ತನಾಳ ಕುಗ್ಗಿ, ಮೊದಲೇ ಒಳಸೇರಿದ್ದ ವೈರಸ್ಸಿಗೆ ದಾರಿ ಸಲೀಸಾಗುತ್ತದೆ ಎಂಬುದು ಆ ಸಂಶೋಧಕರ ಊಹೆ. ಆದರೆ ಅವರು ಯಾರ ಮೂಗಿನಲ್ಲೂ ವೈರಸ್ ಇದೆಯೇ ಎಂದು ಪರೀಕ್ಷಿಸಲಿಲ್ಲ. ಅಲ್ಲಿನ ಚಳಿಯ ಲೆಕ್ಕವನ್ನು ನಮ್ಮ ಮೇ ತಿಂಗಳಿಗೆ ಹಚ್ಚುವುದೂ ಕಷ್ಟ.

ಫ್ಯಾನಿನ ತಂಟೆ ಬೇರೆಯದು. ರಾತ್ರಿಯಿಡೀ ಮುಖಕ್ಕೆ ಗಾಳಿ ಬಡಿದರೆ, ಅದರಲ್ಲೂ ಬಾಯಿ ತೆರೆದು ಮಲಗುವವರಿಗೆ, ಗಂಟಲು ಒಣಗಿ ಬೆಳಿಗ್ಗೆ ಕೆರೆಯುತ್ತದೆ. ಮನೆಯವರು ಅದನ್ನೇ ನೆಗಡಿ ಎನ್ನುತ್ತಾರೆ. ವ್ಯತ್ಯಾಸ ತಿಳಿಯುವುದು ಸುಲಭ. ಎರಡು ಲೋಟ ನೀರು ಕುಡಿದು, ಹೊತ್ತೇರುವುದರೊಳಗೆ ಸರಿಹೋದರೆ ಅದು ಫ್ಯಾನಿನ ಕೆಲಸ. ಮೂಗು ಸುರಿದು, ಮೈಕೈ ನೋವು ಬಂದು, ಮರುದಿನ ಇನ್ನೂ ಜಾಸ್ತಿಯಾದರೆ ವೈರಸ್.

ಝಳದಲ್ಲಿ ಫ್ಯಾನ್ ಆರಿಸುವುದು ನನಗೆ ಒಪ್ಪಿಗೆಯಿಲ್ಲ. ಹಗಲೆಲ್ಲ ಕಾದ ಸ್ಲ್ಯಾಬು ಅರ್ಧರಾತ್ರಿಯವರೆಗೂ ಶಾಖ ಬಿಡುತ್ತಿರುತ್ತದೆ. ಬೆವರು ಆರಿದರೇ ಮೈ ತಣಿಯುವುದು, ಬೆವರು ಆರಲು ಗಾಳಿ ಬೇಕು. ಕೋಣೆಯೊಳಗೇ 40 ಡಿಗ್ರಿ ದಾಟಿದಾಗ ಮಾತ್ರ ಫ್ಯಾನನ್ನೇ ನಂಬಬಾರದು. ಆಗ ಅದು ಬಿಸಿಗಾಳಿಯನ್ನೇ ಮೈಗೆ ಹೊಡೆಯುತ್ತದೆ. ವಯಸ್ಸಾದವರಿಗೆ ಬೆವರು ಕಡಿಮೆ, ಆದ್ದರಿಂದ ಅವರಿಗೆ ಅಪಾಯ ಹೆಚ್ಚು. ಎಂದರೆ ಫ್ಯಾನಿನ ಬಗ್ಗೆ ಹುಷಾರಾಗಿರಬೇಕಾದವರು ಮೊಮ್ಮಗಳಿಗಿಂತ ಅತ್ತೆಯವರೇ. ಅಂಥ ಹೊತ್ತಿನಲ್ಲಿ ಒದ್ದೆ ಬಟ್ಟೆಯಿಂದ ಅವರ ಕೈಕಾಲು, ಕುತ್ತಿಗೆ ಒರೆಸಿ.

ಇನ್ನು ಹಸಿ ಕೂದಲು. ನೀರು ಹೀರಿದ ಕೂದಲಿಗೆ ಬಲ ಕಡಿಮೆ. ದಿಂಬಿಗೆ ಉಜ್ಜಿ, ಸಿಕ್ಕಾಗಿ, ಬೆಳಿಗ್ಗೆ ಬಾಚಣಿಗೆಗೆ ತುಂಡಾಗಿ ಬರುತ್ತದೆ. ಬುಡ ತಾಸುಗಟ್ಟಲೆ ಹಸಿಯಾಗಿಯೇ ಇದ್ದರೆ ಹೊಟ್ಟಿನ ತೊಂದರೆ ಇದ್ದವರಿಗೆ ತುರಿಕೆಯೂ ಹೆಚ್ಚಬಹುದು. ಮಗಳು ಊಟಕ್ಕೆ ಮುಂಚೆಯೇ ಎರೆದುಕೊಳ್ಳಲಿ. ನಿಮ್ಮೂರಿನ ಟವೆಲ್ಲಿನಿಂದ ಉಜ್ಜದೆ ಒತ್ತಿ ನೀರು ತೆಗೆದು, ಕೂದಲು ಬಿಚ್ಚಿಕೊಂಡು ಅದೇ ಫ್ಯಾನಿನ ಕೆಳಗೆ ಕೂರಲಿ. ಬುಡಕ್ಕೆ ಬೆರಳಿಟ್ಟು ನೋಡಿ, ಒಣಗಿದ್ದರೆ ಮಲಗಬಹುದು.

ಫ್ಯಾನು ಮುಖಕ್ಕೆ ನೇರವಾಗದಂತೆ ಮಂಚ ಸರಿಸಿ, ವೇಗ ತಗ್ಗಿಸಿ. ರೆಕ್ಕೆಯ ಮೇಲಿನ ಧೂಳು ಒರೆಸಿ ಎಷ್ಟು ದಿನವಾಯಿತು ನೋಡಿ. ಬೆಳಗಿನ ಸೀನು ಎಷ್ಟೋ ಸಲ ಅಲ್ಲಿಂದಲೇ ಬರುತ್ತದೆ.