ಗೋಳವೆಂದು ನಂಬಿ ಅಳೆದ ದೂರ

ಬೆಂಗಳೂರಿನಿಂದ ಬೀದರ್ ಎಷ್ಟು ದೂರ? ರಸ್ತೆಯ ತಿರುವುಗಳನ್ನು ಬದಿಗಿಟ್ಟು ನೇರ ದೂರವನ್ನೇ ಕೇಳೋಣ. ಬೆಂಗಳೂರಿನ ಅಕ್ಷಾಂಶ 12.97, ರೇಖಾಂಶ 77.59; ಬೀದರಿನದು 17.91 ಮತ್ತು 77.52. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಈ ನಾಲ್ಕು ಅಂಕಿಗಳನ್ನು ಹ್ಯಾವರ್‌ಸೈನ್ ಸೂತ್ರಕ್ಕೆ ಕೊಟ್ಟರೆ ಸುಮಾರು 549.4 ಕಿ.ಮೀ. ಎಂಬ ಉತ್ತರ ಬರುತ್ತದೆ. ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಎಲಿಪ್ಸಾಯ್ಡ್ ಮೇಲೆ ಲೆಕ್ಕ ಹಾಕಿದರೆ ಸಿಗುವುದು ಸುಮಾರು 546.7. ನಡುವಿನ ಅಂತರ 2.7 ಕಿ.ಮೀ. ಊರುಗಳು ಕದಲಲಿಲ್ಲ, ಅಂಕಿಗಳೂ ಬದಲಾಗಲಿಲ್ಲ. ಹಾಗಾದರೆ ಈ ಹೆಚ್ಚಿನ ನೆಲ ಬಂದದ್ದೆಲ್ಲಿಂದ?

ಸೂತ್ರವನ್ನು ದೂರುವ ಮುನ್ನ ನಾವು ಅದಕ್ಕೆ ನ್ಯಾಯ ಸಲ್ಲಿಸಬೇಕು. ಹ್ಯಾವರ್‌ಸೈನ್ ಅಂದಾಜಿನ ಸೂತ್ರವಲ್ಲ. ಗೋಳದ ಮೇಲೆ ಅದು ಪೂರಾ ಸರಿ. ತೀರ ಹತ್ತಿರದ ಎರಡು ಬಿಂದುಗಳ ನಡುವೆಯೂ ಅಂಕಿಗಳನ್ನು ಕಳೆದುಕೊಳ್ಳದೆ ಲೆಕ್ಕ ಕೊಡುತ್ತದೆ ಎಂಬ ಕಾರಣಕ್ಕೇ ನಾವಿಕರು ಅದನ್ನು ನೆಚ್ಚಿಕೊಂಡಿದ್ದರು. ತಪ್ಪಿರುವುದು ನಾವು ಅದರ ಕೈಗಿತ್ತ ಭೂಮಿಯಲ್ಲಿ. ಭೂಮಿ 6371 ಕಿ.ಮೀ. ತ್ರಿಜ್ಯದ ಗೋಳ ಎಂದು ನಾವು ಹೇಳಿದೆವು, ಅದು ನಂಬಿತು. ನಿಜವಾದ ಭೂಮಿಗೆ ಸಮಭಾಜಕದಲ್ಲಿ 6378 ಕಿ.ಮೀ. ತ್ರಿಜ್ಯ, ಧ್ರುವದಲ್ಲಿ 6357. ಇಪ್ಪತ್ತೊಂದು ಕಿಲೋಮೀಟರಿನ ಈ ತಗ್ಗೇ ಎಲ್ಲ ವ್ಯತ್ಯಾಸದ ಮೂಲ.

ಆದರೆ ಇಲ್ಲೊಂದು ವಿಚಿತ್ರವಿದೆ. ನಾವಿರುವುದು ಭೂಮಿಯ ಉಬ್ಬಿದ ಭಾಗಕ್ಕೆ ಹತ್ತಿರ. ಹಾಗಿದ್ದರೆ ಇಲ್ಲಿನ ದೂರಗಳು ಗೋಳದ ಲೆಕ್ಕಕ್ಕಿಂತ ಹೆಚ್ಚಿರಬೇಕಲ್ಲವೇ? ಬೀದರಿನ ಲೆಕ್ಕದಲ್ಲಿ ಕಡಿಮೆಯಾದದ್ದೇಕೆ?

ಅಕ್ಷಾಂಶವೆಂದರೇನು ಎಂದು ಕೇಳಿಕೊಂಡರೆ ಇದಕ್ಕೆ ಉತ್ತರ ಸಿಗುತ್ತದೆ. ಅದು ಭೂಮಿಯ ಕೇಂದ್ರದಿಂದ ಅಳೆದ ಕೋನವೆಂದು ನಾವು ಶಾಲೆಯಲ್ಲಿ ಓದಿರಬಹುದು. ನಕ್ಷೆಯ ಅಕ್ಷಾಂಶ ಹಾಗಲ್ಲ. ಗಾರೆ ಕೆಲಸದವರು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು ತೋರುವ ಲಂಬ ದಿಕ್ಕು ಸಮಭಾಜಕದ ಸಮತಲದೊಡನೆ ಮಾಡುವ ಕೋನ, ಹೆಚ್ಚುಕಡಿಮೆ, ಅಕ್ಷಾಂಶ. ನಾವು ಉತ್ತರಕ್ಕೆ ನಡೆದಂತೆ ಈ ಲಂಬ ದಿಕ್ಕು ಮೆಲ್ಲನೆ ತಿರುಗುತ್ತದೆ. ಅದು ಒಂದು ಡಿಗ್ರಿ ತಿರುಗಲು ಎಷ್ಟು ನಡೆಯಬೇಕೋ ಅಷ್ಟೇ ಒಂದು ಡಿಗ್ರಿ ಅಕ್ಷಾಂಶದ ಉದ್ದ. ಘಾಟಿ ರಸ್ತೆಯನ್ನು ನೆನೆಯೋಣ. ಕಡಿದಾದ ತಿರುವಿನಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ಬಸ್ಸಿನ ಮುಖವೇ ತಿರುಗಿರುತ್ತದೆ, ವಿಶಾಲವಾದ ತಿರುವಿನಲ್ಲಿ ಅಷ್ಟೇ ತಿರುಗಲು ಬಹುದೂರ ಸಾಗಬೇಕು. ಅದುಮಿದ ಭೂಮಿಯ ಉತ್ತರ–ದಕ್ಷಿಣ ವಕ್ರತೆ ಸಮಭಾಜಕದ ಬಳಿ ಕಡಿದು, ಧ್ರುವದ ಬಳಿ ಚಪ್ಪಟೆ. ಆದ್ದರಿಂದ ಗೋಳದ ಮೇಲೆ ಎಲ್ಲೆಡೆ 111.19 ಕಿ.ಮೀ. ಇರುವ ಒಂದು ಡಿಗ್ರಿ, 13ನೇ ಅಕ್ಷಾಂಶದ ಬಳಿ 110.63 ಮಾತ್ರ, ಧ್ರುವದಲ್ಲಿ 111.69. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚರು ಪೆರುವಿಗೂ ಲ್ಯಾಪ್‌ಲ್ಯಾಂಡಿಗೂ ತಂಡಗಳನ್ನು ಕಳಿಸಿ ಅಳೆಸಿದ್ದು ಇದನ್ನೇ. 1802ರಲ್ಲಿ ಮದರಾಸಿನ ಬಳಿ ಆಧಾರರೇಖೆ ಹಾಕಿ, ಮುಂದೆ ಬೆಂಗಳೂರಿನ ಬಳಿಯೂ ಸರಪಳಿ ಎಳೆಸಿದ ವಿಲಿಯಂ ಲ್ಯಾಂಬ್ಟನ್‌ಗೂ ಭೂಮಿಯ ಆಕಾರವೇ ಪ್ರಶ್ನೆಯಾಗಿತ್ತು.

ಈಗ ಬೆಂಗಳೂರಿನಿಂದ ಪಶ್ಚಿಮಕ್ಕೆ ಮುಖ ಮಾಡೋಣ. ಮಂಗಳೂರಿನ ಅಕ್ಷಾಂಶ 12.91, ರೇಖಾಂಶ 74.86. ಹ್ಯಾವರ್‌ಸೈನ್ ಪ್ರಕಾರ ನೇರ ದೂರ ಸುಮಾರು 295.9 ಕಿ.ಮೀ.; ಎಲಿಪ್ಸಾಯ್ಡ್ ಮೇಲೆ 296.3. ಇಲ್ಲಿ ಗೋಳ ಸುಮಾರು 400 ಮೀಟರ್ ಕಡಿಮೆ ಹೇಳಿತು! ಪೂರ್ವ–ಪಶ್ಚಿಮದಲ್ಲಿ ನಾವು ಉಬ್ಬಿನ ಸುತ್ತಲೇ ಸಾಗುತ್ತೇವೆ, ಅಲ್ಲಿನ ತ್ರಿಜ್ಯ 6371ಕ್ಕಿಂತ ದೊಡ್ಡದು. ಒಂದೇ ಊರು, ಒಂದೇ ಸೂತ್ರ. ಉತ್ತರಕ್ಕೆ ನೋಡಿದರೆ ಶೇ. 0.5ರಷ್ಟು ಹೆಚ್ಚು, ಪಶ್ಚಿಮಕ್ಕೆ ನೋಡಿದರೆ ಶೇ. 0.13ರಷ್ಟು ಕಡಿಮೆ. ನಡುವೆ, ಉತ್ತರದಿಂದ ಸುಮಾರು 63 ಡಿಗ್ರಿ ವಾಲಿದ ದಿಕ್ಕಿನಲ್ಲಿ, ಎರಡೂ ತಪ್ಪುಗಳು ಒಂದನ್ನೊಂದು ನುಂಗಿ ಉತ್ತರ ಸರಿಯೇ ಬರುತ್ತದೆ. ಆ ಒಂದು ದಿಕ್ಕಿನಲ್ಲಿ ಪರೀಕ್ಷಿಸಿ ಸೂತ್ರವನ್ನು ನಂಬಿದವನ ಗತಿ ಏನು? ಪ್ಯಾರಿಸ್‌ನಲ್ಲಿ ಕುಳಿತು ಉತ್ತರ–ದಕ್ಷಿಣ ಅಳೆದು ನೋಡಿದವನದೂ ಅದೇ ಗತಿ: ಆ ಅಕ್ಷಾಂಶದಲ್ಲಿ ಉತ್ತರ–ದಕ್ಷಿಣದ ತಪ್ಪು ಬಹುತೇಕ ಸೊನ್ನೆ.

ತ್ರಿಜ್ಯವನ್ನು ತಿದ್ದಿದರೆ ಸರಿಹೋಗದೇ ಎಂದು ಕೇಳುವವರುಂಟು. 6371ರ ಬದಲು 6340 ಇಟ್ಟರೆ ಬೀದರಿನ ಉತ್ತರ ಸರಿಹೋಗುತ್ತದೆ, ಆದರೆ ಮಂಗಳೂರು ಇನ್ನಷ್ಟು ಕೆಡುತ್ತದೆ. ದಿಕ್ಕಿಗೊಂದು ತ್ರಿಜ್ಯ ಬೇಕಾದ ಮೇಲ್ಮೈಗೆ ಒಂದೇ ತ್ರಿಜ್ಯ ಹೊಂದುವುದೆಂತು?

ಇಷ್ಟಾಗಿಯೂ, ಈ ತಪ್ಪಿಗೆ ನಾವು ಎಷ್ಟು ತಲೆಕೆಡಿಸಿಕೊಳ್ಳಬೇಕು? ಎರಡು ಕಿಲೋಮೀಟರ್ ದೂರದ ಔಷಧಿ ಅಂಗಡಿಯನ್ನು ಹುಡುಕುವಾಗ ಈ ತಪ್ಪು ಹೆಚ್ಚೆಂದರೆ ಹತ್ತು ಮೀಟರ್. ಕೈಯಲ್ಲಿರುವ ಫೋನೇ ನಾವು ನಿಂತ ಜಾಗವನ್ನು ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಮಧ್ಯೆ ಒಂದು ಒನ್ ವೇ ಬಂದರೆ ದೂರ ಅರ್ಧ ಕಿಲೋಮೀಟರ್ ಬೆಳೆಯುತ್ತದೆ. ಬೀದರಿಗೆ ಹೊರಟ ಲಾರಿಯವನಿಗೆ 2.7 ಕಿ.ಮೀ. ಯಾವ ಲೆಕ್ಕ? ಅವನ ರಸ್ತೆ ನೇರ ದೂರಕ್ಕಿಂತ ನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದ. ಇಂಥಲ್ಲಿ ಎಲಿಪ್ಸಾಯ್ಡ್ ತರುವುದು ಶ್ರದ್ಧೆಯಲ್ಲ, ಆಡಂಬರ ಎಂದೇ ನನ್ನ ಎಣಿಕೆ.

ಆದರೆ ದೂರವೇ ಹಕ್ಕನ್ನು ತೀರ್ಮಾನಿಸುವ ಜಾಗಗಳೂ ಇವೆ. ಭಾರತದ ವಿಶೇಷ ಆರ್ಥಿಕ ವಲಯ ಸಮುದ್ರದಲ್ಲಿ 200 ನಾಟಿಕಲ್ ಮೈಲಿವರೆಗೆ, ಅಂದರೆ 370.4 ಕಿ.ಮೀ. ಕನ್ಯಾಕುಮಾರಿಯ ಅಕ್ಷಾಂಶದಿಂದ ನೇರ ದಕ್ಷಿಣಕ್ಕೆ ಈ ದೂರವನ್ನು ಗೋಳದ ಮೇಲೆ ಅಳೆದೆವು ಎನ್ನೋಣ. ಅಲ್ಲಿ ಗೋಳ ಶೇ. 0.54ರಷ್ಟು ಹೆಚ್ಚು ಹೇಳುವುದರಿಂದ, ನಿಜವಾದ ಗೆರೆಗೆ ಸುಮಾರು ಎರಡು ಕಿಲೋಮೀಟರ್ ಮೊದಲೇ ನಮ್ಮ 200 ಮೈಲಿ ಮುಗಿದುಹೋಗುತ್ತದೆ. ಆ ಎರಡು ಕಿಲೋಮೀಟರ್ ನೀರಿನಲ್ಲಿ ಬಲೆ ಬೀಸಿದ ದೋಣಿ ಯಾರದು? ಕೆಳಗಿನ ಸಂಪತ್ತಿನ ಮೇಲೆ ಹಕ್ಕು ಯಾರಿಗೆ? ನೆಲದ ಮೇಲೂ ಹಾಗೆಯೇ. ಹತ್ತು ಕಿಲೋಮೀಟರ್ ಒಳಗಿದ್ದರೆ ಮಾತ್ರ ಸಲ್ಲುತ್ತದೆ ಎಂಬ ನಿಯಮವಿದ್ದಾಗ, ಉತ್ತರಕ್ಕೆ 9.97 ಕಿ.ಮೀ. ದೂರದ ಮನೆ ಹ್ಯಾವರ್‌ಸೈನ್ ಲೆಕ್ಕದಲ್ಲಿ 10.02 ಆಗಿ ಹೊರಗುಳಿಯುತ್ತದೆ. ಪಶ್ಚಿಮದಲ್ಲಿ 10.01 ಕಿ.ಮೀ. ದೂರದ ಮನೆ ಹತ್ತರೊಳಗೆ ಸೇರಿಕೊಳ್ಳುತ್ತದೆ. ಹತ್ತಿರದವನಿಗೆ ಇಲ್ಲ, ದೂರದವನಿಗೆ ಉಂಟು. ಕಾರಣ ಅವರ ಮನೆಗಳು ಯಾವ ದಿಕ್ಕಿಗಿವೆ ಎಂಬುದಷ್ಟೇ.

ಪರೀಕ್ಷಿಸುವುದು ಕಷ್ಟವೇನಲ್ಲ. ಪೈಥಾನ್‌ನ `geopy`ಯಲ್ಲಿ ಒಂದೇ ಜೋಡಿ ಬಿಂದುಗಳನ್ನು ಒಮ್ಮೆ `great_circle`ಗೆ, ಒಮ್ಮೆ `geodesic`ಗೆ ಕೊಟ್ಟು ನೋಡಿದರೆ ವ್ಯತ್ಯಾಸ ಕಣ್ಣೆದುರಿಗೇ ಬರುತ್ತದೆ. ಎರಡನೆಯದು 2013ರಲ್ಲಿ ಚಾರ್ಲ್ಸ್ ಕಾರ್ನಿ ಪ್ರಕಟಿಸಿದ ವಿಧಾನವನ್ನು ಅನುಸರಿಸುತ್ತದೆ. ಅದಕ್ಕೂ ಮೊದಲು 1975ರಿಂದ ಬಳಕೆಯಲ್ಲಿದ್ದ ವಿನ್ಸೆಂಟಿ ವಿಧಾನ ಭೂಮಿಯ ಎದುರುಬದುರು ತುದಿಗಳ ಬಿಂದುಗಳಿಗೆ ಉತ್ತರವನ್ನೇ ಕೊಡದೆ ಸುತ್ತುವುದುಂಟು. ಹಲವು ದಿಕ್ಕುಗಳಲ್ಲಿ ನೋಡಿ, ಒಂದೇ ದಿಕ್ಕಿನಲ್ಲಿ ಬೇಡ. ಎಲ್ಲೆ, ಪರವಾನಗಿ, ಹಕ್ಕುಗಳ ಕಾಗದದಲ್ಲಿ ದೂರವನ್ನು ಬರೆಯುವವರಲ್ಲಿ ನನ್ನದೊಂದು ಕೋರಿಕೆ: ಅಂಕಿಯ ಪಕ್ಕದಲ್ಲಿ ಅದನ್ನು ಗೋಳದ ಮೇಲೆ ಅಳೆದದ್ದೋ, ಎಲಿಪ್ಸಾಯ್ಡ್ ಮೇಲೆ ಅಳೆದದ್ದೋ ಎಂಬುದನ್ನೂ ಬರೆಯಿರಿ.