ಲೆಕ್ಕ ಒಪ್ಪಿದರೆ ಕಾರಣ ಸಿಕ್ಕಿತೇ?

ಅಗಲವಾದ ಕೊಳವೆಯೊಂದು ಮುಂದೆ ಹೋಗುತ್ತಾ ಕಿರಿದಾಗುತ್ತದೆ. ಅದರ ತುಂಬ ನೀರು ಹರಿಯುತ್ತಿದೆ. ಕಿರಿದಾದ ಕಡೆ ನೀರಿನ ಒತ್ತಡ ಹೆಚ್ಚೋ, ಕಡಿಮೆಯೋ? ವಿಜ್ಞಾನ ಓದಿದವರೂ ಇಲ್ಲಿ ಒಂದು ಗಳಿಗೆ ತಡವರಿಸುತ್ತಾರೆ. ಇಕ್ಕಟ್ಟಿನಲ್ಲಿ ನೀರು ನುಗ್ಗಿಕೊಂಡು ಹೋಗಬೇಕಲ್ಲ, ಒತ್ತಡ ಹೆಚ್ಚೇ ಇರಬೇಕು ಅನ್ನಿಸುತ್ತದೆ. ಪುಸ್ತಕ ಮಾತ್ರ ಕಡಿಮೆ ಎನ್ನುತ್ತದೆ. ಪುಸ್ತಕವನ್ನು ನಂಬಿ 'ಕಡಿಮೆ' ಎಂದವರನ್ನು 'ಯಾಕೆ?' ಎಂದು ಕೇಳಿ ನೋಡಿ. 'ವೇಗ ಹೆಚ್ಚಾಯಿತು, ಅದಕ್ಕೇ ಒತ್ತಡ ಇಳಿಯಿತು' ಎಂಬ ಉತ್ತರ ಬರುತ್ತದೆ. ಇದರಲ್ಲಿ ಉಳಿದದ್ದೆಲ್ಲ ಸರಿ, 'ಅದಕ್ಕೇ' ಎಂಬುದೊಂದು ತಪ್ಪು. ದ್ರವಗಳ ವಿಷಯದಲ್ಲಿ ನಾವು ಬೀಳುವ ಗುಂಡಿಗಳಲ್ಲಿ ಹೆಚ್ಚಿನವು ಈ ಒಂದು ಮಾತಿನ ಆಸುಪಾಸಿನಲ್ಲೇ ಇವೆ.

ಮೊದಲು ಸುಲಭದ ಭಾಗ. ನೀರನ್ನು ಅಮುಕಿ ಚಿಕ್ಕದು ಮಾಡುವುದು ಹೆಚ್ಚುಕಡಿಮೆ ಅಸಾಧ್ಯ. ಹಾಗಾಗಿ ತುಂಬಿ ಹರಿಯುವ ಕೊಳವೆಯಲ್ಲಿ ಒಂದು ಸೆಕೆಂಡಿಗೆ ಈ ತುದಿಯಿಂದ ಎಷ್ಟು ಲೀಟರ್ ಒಳಬಂತೋ ಅಷ್ಟೇ ಲೀಟರ್ ಆ ತುದಿಯಿಂದ ಹೊರಹೋಗಬೇಕು. ಅಡ್ಡಕೊಯ್ತದ ವಿಸ್ತೀರ್ಣವನ್ನು ವೇಗದಿಂದ ಗುಣಿಸಿದರೆ ಎಲ್ಲ ಕಡೆಯೂ ಒಂದೇ ಸಂಖ್ಯೆ ಬರಬೇಕು: A₁v₁ = A₂v₂. ಇದೇ ಸಾತತ್ಯ ಸಮೀಕರಣ. ಗೆಲಿಲಿಯೋನ ಶಿಷ್ಯ ಬೆನೆಡೆಟ್ಟೊ ಕಾಸ್ಟೆಲ್ಲಿ 1628ರಲ್ಲಿ ನದಿಗಳ ಬಗ್ಗೆ ಬರೆಯುತ್ತಾ ಇದನ್ನೇ ಹೇಳಿದ್ದ. ಇದು ಅಪ್ಪಟ ಜಮಾ-ಖರ್ಚಿನ ಪುಸ್ತಕ. ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಹೇಳುತ್ತದೆ, ಯಾರು ಯಾಕೆ ಕೊಟ್ಟರು ಎಂಬುದು ಅದರಲ್ಲಿ ಸಿಗುವುದಿಲ್ಲ.

10 ಸೆಂಟಿಮೀಟರ್ ವ್ಯಾಸದ ಕೊಳವೆ 5 ಸೆಂಟಿಮೀಟರಿಗೆ ಇಳಿಯಿತು ಎನ್ನೋಣ. ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲುಭಾಗವಾಗುತ್ತದೆ. ಅಗಲದ ಕಡೆ ನೀರು ಸೆಕೆಂಡಿಗೆ 1 ಮೀಟರ್ ಹೋಗುತ್ತಿದ್ದರೆ ಕಿರಿದಾದ ಕಡೆ 4 ಮೀಟರ್ ಹೋಗಲೇಬೇಕು. ಈಗ ಆ ಎರಡು ಜಾಗಗಳ ನಡುವೆ ಇರುವ ಒಂದು ಹಿಡಿ ನೀರನ್ನಷ್ಟೇ ಗಮನಿಸಿ. 1 ಮೀಟರ್ ವೇಗದಲ್ಲಿದ್ದದ್ದು ಕೆಲವೇ ಅಂಗುಲಗಳಲ್ಲಿ 4 ಮೀಟರಿಗೆ ಏರಿದೆ. ಸುಮ್ಮಸುಮ್ಮನೆ ಯಾವ ವಸ್ತುವೂ ವೇಗ ಹೆಚ್ಚಿಸಿಕೊಳ್ಳುವುದಿಲ್ಲ, ಯಾರೋ ಅದನ್ನು ಮುಂದಕ್ಕೆ ತಳ್ಳಿರಬೇಕು. ಕೊಳವೆ ಅಡ್ಡಲಾಗಿ ಮಲಗಿದೆ, ಆದ್ದರಿಂದ ಗುರುತ್ವ ಇಲ್ಲಿ ನೆರವಿಗಿಲ್ಲ. ಒಳಮುಖವಾಗಿ ಬಾಗಿದ ಗೋಡೆ ತಳ್ಳುವುದೇನಿದ್ದರೂ ಹಿಂದಕ್ಕೇ. ಉಳಿದದ್ದು ಆ ಹಿಡಿ ನೀರಿನ ಹಿಂದಿರುವ ನೀರು ಮತ್ತು ಮುಂದಿರುವ ನೀರು. ಹಿಂದಿನದು ಒತ್ತುವುದು ಜೋರಾಗಿದ್ದು ಮುಂದಿನದು ಒತ್ತುವುದು ಮೆತ್ತಗಿದ್ದರೆ ಮಾತ್ರ ಅದು ಮುಂದಕ್ಕೆ ಚಿಮ್ಮಲು ಸಾಧ್ಯ. ಅಂದರೆ ಅಗಲದ ಕಡೆ ಒತ್ತಡ ಹೆಚ್ಚು, ಕಿರಿದಾದ ಕಡೆ ಕಡಿಮೆ. ಒತ್ತಡದ ಈ ಇಳಿಜಾರು ಇರುವುದರಿಂದ ವೇಗ ಏರಿತು. ವೇಗ ಏರಿದ್ದರಿಂದ ಒತ್ತಡ ಇಳಿಯಿತು ಎನ್ನುವುದು ಬಂಡಿಯೇ ಎತ್ತನ್ನು ಎಳೆಯಿತು ಎಂದಂತೆ.

ಎಷ್ಟು ಇಳಿಯಿತು ಎಂಬುದನ್ನು ಬರ್ನೌಲಿ ಸಮೀಕರಣ ಹೇಳುತ್ತದೆ: p + ½ρv² + ρgh ಎಂಬ ಮೊತ್ತ ಹರಿವಿನ ದಾರಿಯುದ್ದಕ್ಕೂ ಒಂದೇ. ನಮ್ಮ ಕೊಳವೆಯಲ್ಲಿ ಎತ್ತರ ಬದಲಾಗುವುದಿಲ್ಲ. ½ × 1000 × (16 − 1) ಎಂದು ಲೆಕ್ಕ ಹಾಕಿದರೆ 7500 ಪ್ಯಾಸ್ಕಲ್ ಬರುತ್ತದೆ. ಕೊಳವೆಗೆ ಎರಡೂ ಕಡೆ ತೂತು ಕೊರೆದು ನೆಟ್ಟಗೆ ಗಾಜಿನ ನಳಿಗೆ ನಿಲ್ಲಿಸಿದರೆ, ಕಿರಿದಾದ ಕಡೆಯ ನಳಿಗೆಯಲ್ಲಿ ನೀರು ಸುಮಾರು 76 ಸೆಂಟಿಮೀಟರ್ ಕೆಳಗೆ ನಿಲ್ಲುತ್ತದೆ. ಕಣ್ಣಿಗೆ ಚೆನ್ನಾಗಿ ಕಾಣುವಷ್ಟು ವ್ಯತ್ಯಾಸ. ಈ ವ್ಯತ್ಯಾಸವನ್ನು ಅಳೆದು ಹರಿವನ್ನು ಕಂಡುಹಿಡಿಯುವ ಉಪಕರಣವೇ ವೆಂಚುರಿ ಮೀಟರ್.

ಡೇನಿಯಲ್ ಬರ್ನೌಲಿ 'ಹೈಡ್ರೊಡೈನಮಿಕ' ಗ್ರಂಥವನ್ನು 1738ರಲ್ಲಿ ಪ್ರಕಟಿಸಿದ. ಆತ ಹಿಡಿದದ್ದು ಲೆಕ್ಕದ ದಾರಿ. ಚಲಿಸುವ ವಸ್ತುವಿಗಿರುವ 'ಜೀವಬಲ' ನಷ್ಟವಾಗುವುದಿಲ್ಲ ಎಂದು ಇಟ್ಟುಕೊಂಡು ಹೊರಟ. ಇಂದು ನಾವು ಅದನ್ನು ಶಕ್ತಿಯ ಲೆಕ್ಕ ಎನ್ನುತ್ತೇವೆ. ಅವನ ತಂದೆ ಯೋಹಾನ್ ಅದೇ ವಿಷಯಕ್ಕೆ ಕೈಹಾಕಿ, ನೀರಿನ ತುಣುಕಿನ ಮೇಲೆ ಬೀಳುವ ಬಲಗಳಿಂದ ಹೊರಟು ಅಲ್ಲಿಗೇ ಬಂದ. ಮಗನಿಗಿಂತ ತಾನೇ ಮೊದಲು ಎಂದು ತೋರಿಸಲು ತನ್ನ ಪುಸ್ತಕಕ್ಕೆ ಹಿಂದಿನ ತಾರೀಖು ಹಾಕಿಕೊಂಡದ್ದು ಅಪ್ಪನ ಸಣ್ಣತನ. ಆದರೆ 'ಯಾಕೆ' ಎಂಬ ಪ್ರಶ್ನೆಗೆ ಹತ್ತಿರವಿದ್ದದ್ದು ಅಪ್ಪನ ದಾರಿಯೇ ಎಂದು ನನ್ನ ಎಣಿಕೆ. ಆ ಬಲದ ದಾರಿಯನ್ನು ಪೂರ್ತಿ ಮಾಡಿ ಈಗಿನ ರೂಪ ಕೊಟ್ಟವನು ಲಿಯೊನಾರ್ಡ್ ಆಯ್ಲರ್, 1750ರ ದಶಕದಲ್ಲಿ.

ಲೆಕ್ಕವನ್ನೇ ಕಾರಣ ಎಂದುಕೊಂಡರೆ ಏನಾಗುತ್ತದೆ ಎಂಬುದನ್ನು ತೋಟದ ಪೈಪಿನಲ್ಲಿ ನೋಡಬಹುದು. ಗಿಡಗಳಿಗೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ದೂರಕ್ಕೆ ಹಾರುತ್ತದೆ. 'ವಿಸ್ತೀರ್ಣ ಕಡಿಮೆಯಾಯಿತು, ಸಾತತ್ಯದ ಪ್ರಕಾರ ವೇಗ ಹೆಚ್ಚಾಯಿತು' ಎಂದು ವಿದ್ಯಾರ್ಥಿ ಬರೆದರೆ ಪೂರ್ತಿ ಅಂಕ ಸಿಗುತ್ತದೆ. ಸಂಖ್ಯೆ ಹಾಕಿ ನೋಡಿ. ಟ್ಯಾಂಕಿನ ನೀರಿನ ಮಟ್ಟ ಪೈಪಿನ ಬಾಯಿಗಿಂತ 5 ಮೀಟರ್ ಮೇಲಿದೆ, ಬಾಯಿ ತೆರೆದಿದ್ದಾಗ ನೀರು ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಬರುತ್ತಿದೆ. ಬಾಯಿಯ ಹತ್ತರಲ್ಲಿ ಒಂಬತ್ತು ಪಾಲು ಮುಚ್ಚಿದರೆ ವೇಗ ಹತ್ತು ಪಟ್ಟಾಗಿ 15 ಮೀಟರ್ ಆಗಬೇಕು. ಆದರೆ 5 ಮೀಟರ್ ಎತ್ತರದಿಂದ ಬರುವ ನೀರಿಗೆ ಸಿಗಬಹುದಾದ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ಚಿಲುಮೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದರೂ ಅದು ಟ್ಯಾಂಕಿನ ನೀರಿಗಿಂತ ಎತ್ತರಕ್ಕೆ ಹೋಗಲಾರದು.

ತಪ್ಪಿದ್ದೆಲ್ಲಿ? ಬೆರಳು ಹಿಡಿದ ಮೇಲೂ ಸೆಕೆಂಡಿಗೆ ಅಷ್ಟೇ ಲೀಟರ್ ಬರುತ್ತದೆ ಎಂದುಕೊಂಡದ್ದರಲ್ಲಿ. ಸಾತತ್ಯ ಒಂದೇ ಹೊತ್ತಿನಲ್ಲಿ ಕೊಳವೆಯ ಎರಡು ಜಾಗಗಳನ್ನು ಹೋಲಿಸುತ್ತದೆ. ಬೆರಳು ಹಿಡಿಯುವ ಮುಂಚಿನ ಹರಿವನ್ನು ಆಮೇಲಿನ ಹರಿವಿನೊಡನೆ ಹೋಲಿಸುವ ಹಕ್ಕು ಅದಕ್ಕಿಲ್ಲ. ನಿಜಕ್ಕೂ ಆಗುವುದು ಹೀಗೆ: ಬಾಯಿ ತೆರೆದಿದ್ದಾಗ ಉದ್ದನೆಯ ಪೈಪಿನೊಳಗಿನ ಘರ್ಷಣೆಯೇ ಆ 5 ಮೀಟರ್ ಎತ್ತರದ ಒತ್ತಡವನ್ನು ಹೆಚ್ಚುಕಡಿಮೆ ಪೂರ್ತಿ ತಿಂದುಹಾಕುತ್ತಿರುತ್ತದೆ. ಬೆರಳು ಅಡ್ಡ ಬಂದಾಗ ಹರಿವು ತಗ್ಗುತ್ತದೆ, ಪೈಪಿನೊಳಗೆ ನೀರು ನಿಧಾನವಾಗುತ್ತದೆ, ಘರ್ಷಣೆಯ ಪಾಲು ಕಡಿಮೆಯಾಗುತ್ತದೆ. ಉಳಿದ ಒತ್ತಡ ಬೆರಳಿನ ಹಿಂದೆ ಬಂದು ನಿಲ್ಲುತ್ತದೆ. ಅದೇ ನೀರನ್ನು ದೂರಕ್ಕೆ ಚಿಮ್ಮಿಸುತ್ತದೆ. 'ಬೆರಳು ಹಿಡಿದರೆ ಪ್ರೆಶರ್ ಜಾಸ್ತಿ ಆಗುತ್ತೆ' ಎನ್ನುವ ತೋಟದ ಮಾಲಿಯೇ ಇಲ್ಲಿ ವಿದ್ಯಾರ್ಥಿಗಿಂತ ಸರಿ. ಅನುಮಾನವಿದ್ದರೆ ಬೆರಳು ಹಿಡಿದೊಮ್ಮೆ, ಬಿಟ್ಟೊಮ್ಮೆ ಬಕೆಟ್ ತುಂಬಿಸಿ ಹೊತ್ತು ನೋಡಿಕೊಳ್ಳಿ. ಹಿಡಿದಾಗ ಬಕೆಟ್ ತುಂಬುವುದು ತಡವಾಗುತ್ತದೆ.

ಬರ್ನೌಲಿ ಮಾತು ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದನ್ನೂ ಇದೇ ಪೈಪು ಹೇಳುತ್ತದೆ. ಸಣ್ಣ ಉದ್ದಕ್ಕೆ, ನಯವಾಗಿ ಕಿರಿದಾಗುವ ಕೊಳವೆಗೆ ಅದು ಚೆನ್ನಾಗಿ ಹೊಂದುತ್ತದೆ. ಕಿರಿದಾದದ್ದು ದಿಢೀರನೆ ಅಗಲವಾದರೆ ನೀರು ಗೋಡೆಯನ್ನು ಬಿಟ್ಟು ಸುಳಿ ಎಬ್ಬಿಸುತ್ತದೆ, ಇಳಿದ ಒತ್ತಡ ಪೂರ್ತಿ ವಾಪಸು ಬರುವುದಿಲ್ಲ. ವೆಂಚುರಿ ಮೀಟರಿನ ಹೊರಹೋಗುವ ಭಾಗವನ್ನು ಅಷ್ಟು ಉದ್ದವಾಗಿ, ನಿಧಾನವಾಗಿ ಅಗಲಿಸಿರುವುದು ಇದೇ ಕಾರಣಕ್ಕೆ.

ಈಗ ಅದೇ ಸಮೀಕರಣದಲ್ಲಿ ವೇಗವನ್ನು ಸೊನ್ನೆ ಮಾಡಿ. p + ρgh ಉಳಿಯುತ್ತದೆ. ನಿಂತ ನೀರಿನಲ್ಲಿ ಕೆಳಗೆ ಹೋದಷ್ಟೂ ಒತ್ತಡ ಹೆಚ್ಚು ಎಂದಷ್ಟೇ ಇದರ ಅರ್ಥ. ವಸ್ತುಗಳು ತೇಲುವುದಕ್ಕೆ ಇದಿಷ್ಟೇ ಮೂಲ. ಮುಳುಗಿದ ವಸ್ತುವಿನ ತಳವನ್ನು ನೀರು ಮೇಲಕ್ಕೆ ಒತ್ತುತ್ತದೆ, ನೆತ್ತಿಯನ್ನು ಕೆಳಕ್ಕೆ ಒತ್ತುತ್ತದೆ. ತಳ ಹೆಚ್ಚು ಆಳದಲ್ಲಿರುವುದರಿಂದ ಮೇಲ್ಮುಖದ ಒತ್ತು ಗೆಲ್ಲುತ್ತದೆ. ಆ ಹೆಚ್ಚುವರಿ ಬಲ ವಸ್ತು ಪಕ್ಕಕ್ಕೆ ಸರಿಸಿದ ನೀರಿನ ತೂಕಕ್ಕೆ ಸಮ ಎಂಬುದು ಆರ್ಕಿಮಿಡೀಸನ ಲೆಕ್ಕ. ಇಲ್ಲಿಯೂ ಸರಿದ ನೀರು ಏನನ್ನೂ ಎತ್ತುವುದಿಲ್ಲ. ಎತ್ತುವುದು ತಳದಲ್ಲಿರುವ ನೀರು. ಇದನ್ನು ಮರೆತವರು ಮುಳುಗಿದ ಕಲ್ಲನ್ನು ಇನ್ನೂ ಆಳಕ್ಕೆ ಇಳಿಸಿದರೆ ಮೇಲ್ಮುಖ ಬಲ ಹೆಚ್ಚುತ್ತದೆ ಎಂದುಕೊಳ್ಳುತ್ತಾರೆ. ಒತ್ತಡ ಹೆಚ್ಚುವುದು ನಿಜ, ಆದರೆ ತಳಕ್ಕೂ ನೆತ್ತಿಗೂ ಒಂದೇ ಸಮನಾಗಿ ಹೆಚ್ಚುತ್ತದೆ. ವ್ಯತ್ಯಾಸ ಇದ್ದಷ್ಟೇ ಇರುತ್ತದೆ.

ಇದಕ್ಕಿಂತ ಆಳದ ಗುಂಡಿ ತೊಟ್ಟಿಯ ತಳದಲ್ಲಿದೆ. 1 ಮೀಟರ್ ಆಳದ ನೀರಿನ ತೊಟ್ಟಿ, ತಳದಲ್ಲಿ 5 ಸೆಂಟಿಮೀಟರ್ ವ್ಯಾಸದ ತೂತು, ಅದಕ್ಕೆ ಸರಿಯಾಗಿ ಕೂತ ತೆಳ್ಳನೆಯ ಮರದ ಬಿಲ್ಲೆ. ಮರ ನೀರಿಗಿಂತ ಹಗುರ. ಸೂತ್ರವನ್ನು ಕಣ್ಣುಮುಚ್ಚಿ ಹಚ್ಚಿದರೆ ಬಿಲ್ಲೆ ಮೇಲೇಳಬೇಕು. ಏಳುವುದಿಲ್ಲ. ಬಿಲ್ಲೆಯ ಕೆಳಗೆ ನೀರೇ ಇಲ್ಲ, ಹೊರಗಿನ ಗಾಳಿ ಇದೆ. ಗಾಳಿಯ ಒತ್ತಡ ಮೇಲೂ ಕೆಳಗೂ ಇರುವುದರಿಂದ ಅದನ್ನು ಬಿಡಿ. ಉಳಿದದ್ದು ಬಿಲ್ಲೆಯ ಮೇಲೆ ನಿಂತ 1 ಮೀಟರ್ ಎತ್ತರದ ನೀರಿನ ಕಂಬ, ಅದರ ತೂಕ ಸುಮಾರು 2 ಕಿಲೋ. ಅಷ್ಟು ಬಲ ಹಾಕಿಯೇ ಬಿಲ್ಲೆಯನ್ನು ಎತ್ತಬೇಕು. ತೂತಿನ ಕೆಳಗೊಂದು ಕೊಳವೆ ಜೋಡಿಸಿ, ಅದರ ಬಾಯಿ ಮುಚ್ಚಿ, ಅದರಲ್ಲೂ ನೀರು ಸೇರಿ ತುಂಬಿಕೊಂಡರೆ ಅದೇ ಬಿಲ್ಲೆ ತಾನಾಗಿಯೇ ತೇಲಿ ಬರುತ್ತದೆ. ಬಿಲ್ಲೆಯ ಗಾತ್ರ ಬದಲಾಗಲಿಲ್ಲ, ತೂಕವೂ ಬದಲಾಗಲಿಲ್ಲ. ಅದರ ಕೆಳಗೆ ನೀರು ಬಂತು, ಅಷ್ಟೇ.

ಇನ್ನೊಂದು ಹಳೆಯ ಒಗಟು. ಕೊಳದಲ್ಲಿ ತೇಲುವ ದೋಣಿಯೊಳಗಿನ ಕಲ್ಲನ್ನು ನೀರಿಗೆ ಎಸೆದರೆ ಕೊಳದ ಮಟ್ಟ ಏರುತ್ತದೋ, ಇಳಿಯುತ್ತದೋ? ಕಲ್ಲು ನೀರಿಗೆ ಬಿತ್ತಲ್ಲ, ಏರಬೇಕು ಎಂದು ಹೆಚ್ಚಿನವರ ಉತ್ತರ. ಇದನ್ನು ಬಕೆಟ್ಟಿನಲ್ಲೇ ಮಾಡಿ ನೋಡಬಹುದು. 30 ಸೆಂಟಿಮೀಟರ್ ವ್ಯಾಸದ, ನೇರ ಗೋಡೆಯ ಬಕೆಟ್ಟಿನಲ್ಲಿ ಪಾತ್ರೆಯೊಂದನ್ನು ತೇಲಿಬಿಟ್ಟು ಅದರಲ್ಲಿ 2.7 ಕಿಲೋ ತೂಕದ ಗ್ರಾನೈಟ್ ಕಲ್ಲಿಡಿ. ಕಲ್ಲನ್ನು ತೇಲಿಸಿಡಲು ಪಾತ್ರೆ ಇನ್ನೂ 2.7 ಲೀಟರ್ ನೀರನ್ನು ಸರಿಸಬೇಕು, ಏಕೆಂದರೆ ತೇಲುವಾಗ ಲೆಕ್ಕಕ್ಕೆ ಬರುವುದು ತೂಕ. ಮುಳುಗಿ ತಳದಲ್ಲಿ ಕೂತಾಗ ಲೆಕ್ಕಕ್ಕೆ ಬರುವುದು ಗಾತ್ರ. ಆ ಕಲ್ಲಿನ ಗಾತ್ರ ಸುಮಾರು ಒಂದೇ ಲೀಟರ್. ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೀಟು ಎಳೆದು, ಕಲ್ಲನ್ನು ಪಾತ್ರೆಯಿಂದ ತೆಗೆದು ನೀರಿನೊಳಗೆ ಮೆಲ್ಲಗೆ ಇಳಿಸಿ. ಮಟ್ಟ ಗೀಟಿಗಿಂತ ಎರಡು ಸೆಂಟಿಮೀಟರಿಗೂ ಹೆಚ್ಚು ಕೆಳಗೆ ಇಳಿದಿರುತ್ತದೆ.