ಕೈಲಾಗುವ ಹೊತ್ತು

‘ನನ್ನ ಕೈಲಾಗದು’ ಎಂಬ ಮಾತನ್ನು ನಾವು ಎರಡೇ ಸಂದರ್ಭದಲ್ಲಿ ಆಡುತ್ತೇವೆ: ಒಂದು, ಕೆಲಸ ತಪ್ಪಿಸಿಕೊಳ್ಳಬೇಕಾದಾಗ, ಇನ್ನೊಂದು, ಪೂರ್ತಿ ಸೋತು ಕುಳಿತಾಗ. ಇವೆರಡರ ನಡುವೆ ಆ ಮಾತಿಗೆ ಇನ್ನೊಂದು ಅರ್ಥ ಇರಬಹುದೆಂದು ನನಗೆ ಹೊಳೆದದ್ದು ಅಕ್ಕನ ಮಗಳ ಬಾಯಲ್ಲಿ ಅದನ್ನು ಕೇಳಿದಾಗ. “ಚಿಕ್ಕಮ್ಮ, ಎಂಟು ಗಂಟೆಗೆ ನನ್ನ ಕೈಲಾಗಲ್ಲ. ಹನ್ನೊಂದಕ್ಕೆ ಆಗತ್ತೆ,” ಎಂದಳು. ಅದರಲ್ಲಿ ದೂರು ಇರಲಿಲ್ಲ, ಸೋಲೂ ಇರಲಿಲ್ಲ. ಬಸ್ಸಿನ ವೇಳೆ ಹೇಳುವಷ್ಟು ನಿರ್ಲಿಪ್ತವಾಗಿ ಹೇಳಿದ್ದಳು. ಆಗುವುದಿಲ್ಲ ಎಂಬುದಕ್ಕೂ ಒಂದು ಗಡಿಯಾರ ಇರಬಹುದೆಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಅವಳಿಗೆ ರುಮಟಾಯ್ಡ್ ಸಂಧಿವಾತ. ವಯಸ್ಸಾದವರಿಗೆ ಮಂಡಿ ಸವೆದು ಬರುವ ನೋವಲ್ಲ ಇದು. ದೇಹದ ಕಾವಲುಪಡೆಯೇ ತಪ್ಪು ತಿಳಿದು ತನ್ನ ಕೀಲುಗಳ ಒಳಪದರದ ಮೇಲೆ ಬೀಳುವ ಕಾಯಿಲೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಇದರ ವಿಚಿತ್ರವೆಂದರೆ ವಿಶ್ರಾಂತಿಯಿಂದ ಎದ್ದ ಕೂಡಲೇ ಕಾಟ ಜಾಸ್ತಿ. ರಾತ್ರಿಯ ಕೊನೆಯ ಜಾವದಲ್ಲಿ ಉರಿಯೂತ ಹುಟ್ಟಿಸುವ ರಾಸಾಯನಿಕಗಳು ರಕ್ತದಲ್ಲಿ ಏರುತ್ತವೆ, ಅದನ್ನು ತಣಿಸಬೇಕಾದ ದೇಹದ ಸ್ವಂತ ಹಾರ್ಮೋನು ಅದಕ್ಕೆ ಸಾಕಾಗುವುದಿಲ್ಲ. ಹಾಗಾಗಿ ಬೆಳಗಾದಾಗ ಬೆರಳುಗಳು ಮರಗಟ್ಟಿದಂತೆ ಸೆಟೆದಿರುತ್ತವೆ. ಒಂದು ಗಂಟೆ, ಎರಡು ಗಂಟೆ, ಕೆಲವು ದಿನ ಅದಕ್ಕೂ ಹೆಚ್ಚು. ಹಲ್ಲುಜ್ಜುವ ಬ್ರಶ್ಶು ಹಿಡಿಯಲಾಗದ ಅದೇ ಕೈ ಮಧ್ಯಾಹ್ನ ಮೂರಕ್ಕೆ ಸರಾಗವಾಗಿ ಟೈಪ್ ಮಾಡುತ್ತದೆ. ಮಧ್ಯಾಹ್ನ ನೋಡಿದವರು ಬೆಳಗಿನದನ್ನು ನಂಬುವುದು ಹೇಗೆ?

ನನ್ನ ಅಜ್ಜಿಗೂ ಇಂಥದ್ದೇ ಏನೋ ಇತ್ತೆಂದು ಈಗ ಅನ್ನಿಸುತ್ತದೆ. ಆಗ ಅದಕ್ಕೆ ‘ವಾತ’ ಎಂಬುದಕ್ಕಿಂತ ಹೆಚ್ಚಿನ ಹೆಸರಿರಲಿಲ್ಲ. ಬೆಳಗಿನ ಹಾಲು ಕರೆಯುವುದು ಅಜ್ಜಿಯ ಪಾಲಿಗೆ ಇರಲಿಲ್ಲ, ಸಂಜೆಯದು ಇತ್ತು. ಬೆಳಗಿನ ದೋಸೆ ಹುಯ್ಯುವುದು ಸೊಸೆಯಂದಿರದು, ಮಧ್ಯಾಹ್ನದ ರುಬ್ಬುವುದು ಅಜ್ಜಿಯದು. ಯಾರೂ ಕೂತು ಮಾತಾಡಿ ಮಾಡಿದ ಹಂಚಿಕೆಯಲ್ಲ; ಮನೆಯ ಕೆಲಸಗಳು ತಾವಾಗಿಯೇ ಅಜ್ಜಿಯ ಕೈ ಬಿಡಿಸಿಕೊಳ್ಳುವ ಹೊತ್ತಿಗೆ ಸರಿದುಕೊಂಡಿದ್ದವು. ಹಾಗೆಂದು ಆ ಕಾಲವನ್ನು ಹೊಗಳಲಾರೆ. ಅಜ್ಜಿಗೆ ಔಷಧವೂ ಸಿಗಲಿಲ್ಲ, ಸಂಬಳವೂ ಸಿಗಲಿಲ್ಲ, ಕೊನೆಗೆ ಬೆರಳುಗಳು ಒಂದೇ ಕಡೆಗೆ ವಾಲಿ ಹಾಗೆಯೇ ಉಳಿದವು. ಆದರೆ ಕೆಲಸವನ್ನು ಕಡಿಮೆ ಮಾಡುವುದು ಬೇರೆ, ಸರಿಸುವುದು ಬೇರೆ ಎಂಬುದು ಆ ಮನೆಗೆ ಗೊತ್ತಿತ್ತು. ಇಂದಿನ ಕಚೇರಿಗಳಿಗೆ, ಅದಕ್ಕಿಂತ ಮುಖ್ಯವಾಗಿ ಕಾಯಿಲೆಯವರಿಗೇ, ಆ ವ್ಯತ್ಯಾಸ ಅಷ್ಟು ಬೇಗ ಹೊಳೆಯುವುದಿಲ್ಲ.

ನಮ್ಮ ಹುಡುಗಿ ಮೊದಲು ಎಡವಿದ್ದು ಕೆಲಸ ಆರಿಸುವುದರಲ್ಲಲ್ಲ, ಆರಿಸಿದ ಹೊತ್ತಿನಲ್ಲಿ. ಕಾಯಿಲೆ ಪತ್ತೆಯಾದಾಗ ವೈದ್ಯರು ಮೆಥೊಟ್ರೆಕ್ಸೇಟ್ ಬರೆದುಕೊಟ್ಟರು. ವಾರಕ್ಕೆ ಒಂದೇ ದಿನ ನುಂಗಬೇಕಾದ ಮಾತ್ರೆ ಅದು, ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಅದರ ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ತಡೆದುಕೊಳ್ಳಲೆಂದು ಸ್ವಲ್ಪ ಸ್ಟೀರಾಯ್ಡ್ ಕೊಡುತ್ತಾರೆ, ಅದು ಕೆಲವೇ ದಿನಗಳಲ್ಲಿ ನೋವನ್ನು ಒರೆಸಿಹಾಕುತ್ತದೆ. ಆ ವಾರಗಳಲ್ಲಿ ಇವಳಿಗೆ ಕಾಯಿಲೆ ಹೋಗಿಯೇಬಿಟ್ಟಿತು ಅನ್ನಿಸಿ, ವಿದೇಶದ ಗ್ರಾಹಕರ ಕರೆಗಳಿಗೆ ಉತ್ತರಿಸುವ ತಂಡದ ಮುಖ್ಯಸ್ಥೆಯ ಹುದ್ದೆಗೆ ಹೂಂ ಎಂದಳು. ಬೆಳಿಗ್ಗೆ ಐದಕ್ಕೆ ಮನೆಯ ಮುಂದೆ ಕ್ಯಾಬು, ತಿಂಗಳಿಗೊಮ್ಮೆ ಪಾಳಿ ಬದಲು. ಸ್ಟೀರಾಯ್ಡ್ ಇಳಿಸುತ್ತ ಬಂದಂತೆ ಕೈ ಮತ್ತೆ ಬಿಗಿಯಿತು. ಆ ಸುಖದ ವಾರಗಳು ಸಾಲವಾಗಿ ಸಿಕ್ಕವು ಎಂದು ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ. ಇದರ ತಿರುಗಾಮುರುಗಾ ಕೂಡ ನಡೆಯುತ್ತದೆ: ಔಷಧ ಇನ್ನೂ ಹತ್ತದ ಕೆಟ್ಟ ತಿಂಗಳಿನಲ್ಲಿ, ಜೀವನವಿಡೀ ಹೀಗೆಯೇ ಎಂದುಕೊಂಡು, ಉಳಿಸಿಕೊಳ್ಳಬಹುದಾಗಿದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬರುವವರಿದ್ದಾರೆ. ಇಬ್ಬರೂ ತೀರ್ಮಾನ ಮಾಡಿದ್ದು ತಮ್ಮದಲ್ಲದ ದೇಹವನ್ನು ನೋಡಿ.

ಏಳು ತಿಂಗಳಿಗೆ ಆ ಹುದ್ದೆ ಬಿಟ್ಟಳು. ಮಾತ್ರೆಯ ಪ್ರಮಾಣ ಒಂದು ಹದಕ್ಕೆ ಬಂದು ನಿಂತ ಮೇಲೆ, ಮುಂದಿನ ಕೆಲಸ ಹುಡುಕುವ ಮೊದಲು, ಅವಳು ಮಾಡಿದ ಒಂದು ಸಣ್ಣ ಕೆಲಸ ನನಗೆ ಬಹಳ ಇಷ್ಟವಾಯಿತು. ಶಾಲೆಯ ಮಕ್ಕಳ ನೋಟ್‌ಬುಕ್ಕೊಂದನ್ನು ಹಾಸಿಗೆಯ ಪಕ್ಕ ಇಟ್ಟುಕೊಂಡು ಪ್ರತಿದಿನ ಒಂದೇ ಸಂಗತಿ ಬರೆದಳು: ಇವತ್ತು ಮುಷ್ಟಿ ಪೂರ್ತಿ ಕಟ್ಟಲು ಬಂದದ್ದು ಎಷ್ಟು ಹೊತ್ತಿಗೆ? ಆರು ವಾರ, 42 ದಿನ. ಒಂಬತ್ತು ದಿನ ಎಂಟೂವರೆಯೊಳಗೆ, 29 ದಿನ ಒಂಬತ್ತರಿಂದ ಹತ್ತೂವರೆಯ ನಡುವೆ, ನಾಲ್ಕು ದಿನ ಸಂಜೆಯವರೆಗೂ ಇಲ್ಲ. ಶನಿವಾರ ರಾತ್ರಿ ಮಾತ್ರೆ, ಆದ್ದರಿಂದ ಭಾನುವಾರವೆಲ್ಲ ಹೊಟ್ಟೆ ತೊಳಸು, ಸುಸ್ತು ಎಂಬುದೂ ಅಂಚಿನಲ್ಲಿತ್ತು.

ಆ ನಾಲ್ಕು ಸಾಲು ನೋಡಿ ನಾನೇ ನಾಚಿದೆ. ಅವಳನ್ನು ಕಂಡಾಗಲೆಲ್ಲ ‘ಅರ್ಧ ದಿನದ ಕೆಲಸ ಯಾವುದಾದರೂ ನೋಡಬಾರದೇನೆ?’ ಎನ್ನುತ್ತಿದ್ದವಳು ನಾನು. ಲೆಕ್ಕ ಹೇಳುತ್ತಿದ್ದುದು ಬೇರೆಯೇ. ಅವಳಿಗೆ ಅರ್ಧ ದಿನ ಬೇಕಿರಲಿಲ್ಲ. ಹನ್ನೊಂದಕ್ಕೆ ಶುರುವಾಗುವ ಪೂರ್ತಿ ದಿನ ಬೇಕಿತ್ತು. ಅದರ ಜೊತೆಗೆ, ತಿಂಗಳಲ್ಲಿ ಮೂರು ದಿನ ಮುನ್ಸೂಚನೆಯಿಲ್ಲದೆ ಕೈಕೊಟ್ಟರೂ ಕುಸಿಯದಂಥ ಕೆಲಸ ಬೇಕಿತ್ತು. ಕಾಯಿಲೆಯವರ ಮೇಲಿನ ನಮ್ಮ ಮರುಕ ಎಷ್ಟು ಬೇಗ ಅವರ ಪಾಲಿನ ಅನ್ನವನ್ನೂ ಕಡಿಮೆ ಮಾಡಿಬಿಡುತ್ತದೆ!

ಈಗ ಅವಳ ಮುಂದೆ ಎರಡು ದಾರಿಗಳಿದ್ದವು. ಒಂದು, ಯಾರ ಹಂಗೂ ಇಲ್ಲದೆ ಮನೆಯಲ್ಲಿ ಕೂತು ಅನುವಾದ ಮಾಡುವುದು. ಇನ್ನೊಂದು, ಕಂಪನಿಯೊಂದಕ್ಕೆ ಮನೆಯಿಂದಲೇ ಪಾಠಪುಸ್ತಕಗಳ ಕರಡು ತಿದ್ದುವ ಕೆಲಸ, ಹಿಂದಿನ ಸಂಬಳದ ಮುಕ್ಕಾಲು. ಹೊರಗಿನಿಂದ ನೋಡಿದರೆ ಮೊದಲನೆಯದೇ ಹೆಚ್ಚು ಸ್ವತಂತ್ರ. ಆದರೆ ಅದರಲ್ಲೊಂದು ಗುಟ್ಟಿದೆ, ಅದನ್ನು ಅವಳು ವಿಮೆಯ ಕಾಗದಗಳನ್ನು ಹರಡಿಕೊಂಡು ಕಂಡುಕೊಂಡಳು. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಹಳೆಯ ಕಾಯಿಲೆಯನ್ನೂ ಮೊದಲ ದಿನದಿಂದಲೇ ಒಳಗೊಳ್ಳುತ್ತದೆ. ತಾನೇ ಹೊಸದಾಗಿ ಕೊಂಡರೆ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. 2024ಕ್ಕೆ ಮುಂಚೆ ಅದು ನಾಲ್ಕು ವರ್ಷ ಇತ್ತು. ಕಂಪನಿ ಬಿಡುವಾಗ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ದಾಟಿಕೊಳ್ಳಲು ಕೇಳಬಹುದು, ಆಗ ಕಾದ ಕಾಲ ಲೆಕ್ಕಕ್ಕೆ ಬರುತ್ತದೆ. ಆದರೆ ಗುಂಪು ವಿಮೆ ಮುಗಿಯುವ ಮುಂಚೆಯೇ ಕೇಳಬೇಕು. ಅವಳು ಬಿಟ್ಟು ಬಂದಾಗ ಇದು ತಿಳಿದಿರಲಿಲ್ಲ. ಮಾತ್ರೆಗಳ ಖರ್ಚು ಹೇಗೂ ಕೈಯಿಂದಲೇ, ಅವು ಅಗ್ಗವೇ; ಮಾತ್ರೆ ಸೋತು ದುಬಾರಿ ಚುಚ್ಚುಮದ್ದಿಗೆ ಹೋಗಬೇಕಾದರೆ, ಆಸ್ಪತ್ರೆ ಸೇರಬೇಕಾದರೆ ಎಂಬುದು ಭಯ. ಹೀಗೆ, ಹೊತ್ತಿನ ಸ್ವಾತಂತ್ರ್ಯ ಕೊಡುವ ಕೆಲಸವೇ ಕಾಯಿಲೆಯ ಪೂರ್ತಿ ಭಾರವನ್ನು ಕಾಯಿಲೆಯವರ ಹೆಗಲಿಗೆ ವರ್ಗಾಯಿಸಿಬಿಡುತ್ತದೆ. ಅಂಗಡಿಯವನು ಕೊಟ್ಟ ಚಿಲ್ಲರೆ ಎಣಿಸುವ ನಾವು ಇದನ್ನು ಎಣಿಸುವುದಿಲ್ಲ.

ಇನ್ನು ಎರಡನೆಯದರ ಸಂದರ್ಶನ. ‘ನಿಮ್ಮಲ್ಲಿ ಹೊಂದಾಣಿಕೆ ಇದೆಯೇ?’ ಎಂದು ಕೇಳಿದರೆ ಇಲ್ಲವೆನ್ನುವ ಕಂಪನಿ ಯಾವುದು? ಮನೆಯಿಂದ ಕೆಲಸ ಎನ್ನುವುದು ಜಾಗದ ಸಡಿಲಿಕೆ ಮಾತ್ರ. ಮನೆಯಲ್ಲೇ ಕೂತರೂ ಎಂಟೂವರೆಗೆ ಕ್ಯಾಮೆರಾ ಮುಂದೆ ಮುಖ ತೋರಿಸಬೇಕೆಂದರೆ ಇವಳ ಬೆರಳಿಗೆ ಅದರಿಂದ ಬಂದ ಲಾಭವೇನು? ಅವಳು ಕೇಳಿದ್ದು ಬೇರೆ: “ನಿಮ್ಮ ತಂಡದಲ್ಲಿ ಒಬ್ಬರು ಒಂದು ದಿನ ಇದ್ದಕ್ಕಿದ್ದಂತೆ ಬರಲಿಲ್ಲ ಅಂದ್ರೆ ಅವತ್ತಿನ ಕೆಲಸ ಏನಾಗತ್ತೆ?” ಕರೆಗಳಿಗೆ ಉತ್ತರಿಸುವ ಕಡೆ ಆ ಕೆಲಸ ಕೂಡಲೇ ಪಕ್ಕದವರ ತಲೆಗೆ ಬೀಳುತ್ತದೆ, ಮೂರನೆಯ ಸಲ ಬಿದ್ದಾಗ ಪಕ್ಕದವರು ಮುಖ ತಿರುಗಿಸುತ್ತಾರೆ, ಅವರನ್ನು ದೂರುವಂತೆಯೂ ಇಲ್ಲ. ಕರಡು ತಿದ್ದುವ ಕಡೆ ಅದು ಮೇಜಿನ ಮೇಲೆ ನಾಳೆಯವರೆಗೆ ಕಾಯುತ್ತದೆ. ಕಾಯುವ ಕೆಲಸ, ಕಾಯದ ಕೆಲಸ ಎಂದು ಲೋಕದ ಉದ್ಯೋಗಗಳನ್ನೆಲ್ಲ ಎರಡಾಗಿ ಒಡೆಯಬಹುದೆಂದು ಆಮೇಲೆ ಅವಳು ನನಗೆ ಹೇಳಿದಳು. ಪದವಿ, ಸಂಬಳ, ಕಂಪನಿಯ ಹೆಸರು ನೋಡಿ ವಿಂಗಡಿಸುವ ನಮಗೆ ಈ ಗೆರೆ ಎಂದೂ ಕಂಡಿರಲಿಲ್ಲ.

ಕಾಯಿಲೆಯ ಹೆಸರು ಹೇಳಬೇಕೋ ಬೇಡವೋ ಎಂಬುದರ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅಕ್ಕನಿಗೆ ಕೆಲಸಕ್ಕಿಂತ ಮದುವೆಯ ಚಿಂತೆ, “ಊರಿಗೆಲ್ಲ ಯಾಕೆ ಗೊತ್ತಾಗಬೇಕು?” ಎಂದಳು. ಕಾನೂನಿನ ಆಸರೆ ಇದ್ದಿದ್ದರೆ ಹೇಳುವುದು ಸುಲಭವಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ, ಅದರಲ್ಲಿ ಸಂಧಿವಾತದ ಹೆಸರಿಲ್ಲ. ಕೀಲುಗಳು ಹಾಳಾಗಿ ಚಲನೆಯ ವೈಕಲ್ಯ ಶೇಕಡಾ 40ರಷ್ಟಾಗಿದೆ ಎಂದು ಪ್ರಮಾಣಪತ್ರ ಸಿಕ್ಕರೆ ಆಗ ಸವಲತ್ತಿನ ಬಾಗಿಲು ತೆರೆಯುತ್ತದೆ. ಅಂದರೆ ಕೈಯನ್ನು ಉಳಿಸಿಕೊಳ್ಳುವ ಹೊತ್ತಿನಲ್ಲಿ ಕಾಣದ ಕಾನೂನಿಗೆ, ಕಳೆದುಕೊಂಡ ಮೇಲೆ ನಾವು ಕಾಣುತ್ತೇವೆ. ಕೊನೆಗೆ ಅವಳು ಕಾಯಿಲೆಯ ಹೆಸರು ಹೇಳಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ‘ಬೆಳಗಿನ ಹೊತ್ತು ಚಿಕಿತ್ಸೆಗೆ ಮೀಸಲು, ನನ್ನ ಕೆಲಸದ ವೇಳೆ ಹನ್ನೊಂದರಿಂದ ಎಂಟು’ ಎಂದಳು. ಬಿಸಿನೀರಿನಲ್ಲಿ ಕೈಯಿಟ್ಟು ಬೆರಳು ಮಡಿಸುವ ಆ ಗಂಟೆ ಚಿಕಿತ್ಸೆಯಲ್ಲದೆ ಮತ್ತೇನು? ಅವರು ಒಪ್ಪಿದರು. ಬಾಯಿಮಾತಿಗೆ ಬಿಡದೆ ನೇಮಕಾತಿ ಪತ್ರದಲ್ಲಿ ಆ ವೇಳೆಯನ್ನು ಬರೆಸಿಕೊಂಡಳು.

ಅವಳಿಗೆ ಎಲ್ಲವೂ ಸುಖವಾಯಿತು ಎನ್ನಲಾರೆ. ಸಂಜೆಗಳು ಹೋದವು, ಗೆಳತಿಯರು ಸಿನಿಮಾಕ್ಕೆ ಹೊರಡುವಾಗ ಇವಳು ಯಾವುದೋ ಆರನೇ ತರಗತಿಯ ವಿಜ್ಞಾನದ ಪಾಠದಲ್ಲಿ ಅಲ್ಪವಿರಾಮ ಹುಡುಕುತ್ತಿರುತ್ತಾಳೆ. ಅವಳ ಕೈಕೆಳಗಿದ್ದವರು ಈಗ ಅವಳಿಗಿಂತ ಹೆಚ್ಚು ಸಂಬಳ ತರುತ್ತಿದ್ದಾರೆ, ಅದು ಅವಳಿಗೆ ನೋಯುತ್ತದೆ, ನೋಯುವುದಿಲ್ಲವೆಂದು ಅವಳು ನಟಿಸುವುದೂ ಇಲ್ಲ.

ಹೋದ ತಿಂಗಳು ತಂಡಕ್ಕೆ ಹೊಸ ಮುಖ್ಯಸ್ಥರು ಬಂದರು. ಇನ್ನು ಮುಂದೆ ಎಲ್ಲರೂ ದಿನಾ ಒಂಬತ್ತು ಗಂಟೆಗೆ ಹದಿನೈದು ನಿಮಿಷ ಸೇರಬೇಕೆಂದು ಸಂದೇಶ ಕಳಿಸಿದರು. ಅವತ್ತು ನಾನು ಅವಳ ಮನೆಯಲ್ಲೇ ಇದ್ದೆ. ಎರಡೂ ಅಂಗೈಗಳ ನಡುವೆ ಕಾಫಿಯ ಲೋಟ ಒತ್ತಿ ಹಿಡಿದುಕೊಂಡೇ ಅವಳು ಅದನ್ನು ಓದಿದಳು. ನಾನು ಏನಾದರೂ ಹೇಳುವ ಮೊದಲೇ ಬೀರುವಿನತ್ತ ಗಲ್ಲದಲ್ಲಿ ತೋರಿಸಿ, “ಆ ನೀಲಿ ಫೈಲ್ ತೆಗೆದು ಕೊಡು ಚಿಕ್ಕಮ್ಮ, ನೇಮಕಾತಿ ಪತ್ರ ಅದರಲ್ಲಿದೆ,” ಎಂದಳು. ತೆಗೆದುಕೊಟ್ಟೆ. ಮಡಿಲಲ್ಲಿಟ್ಟುಕೊಂಡು ಕೂತಳು. ಉತ್ತರ ಬರೆಯಲು ಶುರುಮಾಡಿದಾಗ ಗೋಡೆಯ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು.